ಎಂಟು ವರ್ಷ ಎಂಟು ತಿಂಗಳು ದುಡಿದರೂ ಗ್ರಾಚ್ಯುಟಿ ಸೊನ್ನೆಯೇ?

ಬೆಂಗಳೂರು
06-10-2025

ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಸೋದರ ಸಂಸ್ಥೆಯಲ್ಲಿನ ಹಿಂದಿನ ಸೇವೆಯನ್ನು ಕೈಬಿಟ್ಟು ಗ್ರಾಚ್ಯುಟಿ ನಿರಾಕರಿಸಿರುವ ಬಗ್ಗೆ

ಮಾನ್ಯರೇ,

ನಾನು 2016ರ ಡಿಸೆಂಬರ್ 1ರಂದು ನಿಮ್ಮ ಸಮೂಹದ ಉತ್ಪಾದನಾ ಕಂಪನಿಗೆ ಸೇರಿದೆ. 2021ರ ಏಪ್ರಿಲ್ 1ರಂದು ನೀವೇ ನನ್ನನ್ನು ಮಾರಾಟ ಕಂಪನಿಗೆ ವರ್ಗಾಯಿಸಿದಿರಿ. ಪೀಣ್ಯದ ಅದೇ ಕಟ್ಟಡ, ಅದೇ ಮೇಜು. ಬದಲಾದದ್ದು ಕೊರಳಿನ ಗುರುತಿನ ಚೀಟಿಯ ಪಟ್ಟಿಯ ಬಣ್ಣ ಮಾತ್ರ. 2025ರ ಜುಲೈ 31ರಂದು ರಾಜೀನಾಮೆ ಕೊಟ್ಟು ಹೊರಬಂದೆ. ಎರಡೂ ಕಡೆ ನಾಲ್ಕು ವರ್ಷ ನಾಲ್ಕು ತಿಂಗಳಷ್ಟೇ ಆಗಿದೆ, ಎಲ್ಲಿಯೂ ಐದು ವರ್ಷ ತುಂಬಿಲ್ಲ, ಆದ್ದರಿಂದ ಗ್ರಾಚ್ಯುಟಿ ಬರುವುದಿಲ್ಲ ಎಂಬುದು ನಿಮ್ಮ ವಿಭಾಗದ ಉತ್ತರ.

ಒಂದೇ ಮಾಲೀಕರ ಎರಡು ಕಂಪನಿಗಳು ಕಾನೂನಿನ ಕಣ್ಣಿಗೆ ಬೇರೆ ಬೇರೆ ಎಂಬುದನ್ನು ಬಲ್ಲೆ. ಸಮೂಹ ಒಂದೇ ಎಂದ ಮಾತ್ರಕ್ಕೆ ಸೇವೆ ತಾನಾಗಿ ಮುಂದುವರಿಯುವುದಿಲ್ಲ. ವರ್ಗಾವಣೆ ಯಾವ ಷರತ್ತಿನ ಮೇಲೆ ಆಯಿತೆಂಬುದೇ ಮುಖ್ಯ. ನಿಮ್ಮ ವರ್ಗಾವಣೆ ಪತ್ರದ ಮೂರನೆಯ ಷರತ್ತು, ಎರಡೂ ಕಂಪನಿಗಳ ಸಹಿಯೊಂದಿಗೆ, ಹಿಂದಿನ ಸೇವೆಯನ್ನು ಎಲ್ಲ ಸೌಲಭ್ಯಗಳಿಗೂ ಪರಿಗಣಿಸಲಾಗುವುದು ಎನ್ನುತ್ತದೆ. ಅದೇ ವಾರ ಕೊಟ್ಟ ನೇಮಕಾತಿ ಪತ್ರದಲ್ಲಿ ಈ ಮಾತಿಲ್ಲ, ಹೊಸ ಸೇರ್ಪಡೆ ದಿನಾಂಕವಷ್ಟೇ ಇದೆ. ನೀವು ಆ ಕಾಗದವನ್ನು ಮಾತ್ರ ಹಿಡಿದು ಕುಳಿತಿದ್ದೀರಿ.

ಆದರೆ ನಿಮ್ಮ ದಾಖಲೆಗಳೇ ಬೇರೆ ಕಥೆ ಹೇಳುತ್ತವೆ. 2021ರಲ್ಲಿ ನನಗೆ ಅಂತಿಮ ಲೆಕ್ಕ ಚುಕ್ತಾ ಮಾಡಲಿಲ್ಲ, ಹೊಸದಾಗಿ ಪ್ರೊಬೇಷನ್ ಹಾಕಲಿಲ್ಲ. ಆ ಏಪ್ರಿಲ್‌ನ ಸಂಬಳದ ಚೀಟಿಯಲ್ಲಿ ಹಳೆಯ ಕಂಪನಿಯ 34 ಗಳಿಕೆ ರಜೆಗಳು ಹಾಗೆಯೇ ಮುಂದಕ್ಕೆ ಬಂದಿವೆ. ಅದರ ಮೇಲ್ಭಾಗದಲ್ಲಿ ‘ಸಮೂಹಕ್ಕೆ ಸೇರಿದ ದಿನಾಂಕ: 01-12-2016’ ಎಂದು ಅಚ್ಚಾಗಿದೆ. ರಜೆಗೆ ಹಳಬ, ಗ್ರಾಚ್ಯುಟಿಗೆ ಮಾತ್ರ ಹೊಸಬ ಆಗುವುದು ಹೇಗೆ?

ಲೆಕ್ಕ ಕಷ್ಟದ್ದಲ್ಲ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ₹52,000. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ ₹30,000. ಒಟ್ಟು ಸೇವೆ ಎಂಟು ವರ್ಷ ಎಂಟು ತಿಂಗಳು. ಆರು ತಿಂಗಳು ಮೀರಿದ ಭಾಗ ಪೂರ್ಣ ವರ್ಷವಾಗುವುದರಿಂದ ಒಂಬತ್ತು ವರ್ಷಕ್ಕೆ ₹2,70,000. ಹಳೆಯ ಕಂಪನಿ ತನ್ನ ಪಾಲಿನ ಹಣವನ್ನು ಹೊಸದಕ್ಕೆ ವರ್ಗಾಯಿಸಿದೆಯೋ ಇಲ್ಲವೋ ಎಂಬುದು ನಿಮ್ಮಿಬ್ಬರ ನಡುವಿನ ವ್ಯವಹಾರ. ಅದನ್ನು ನನ್ನ ತಲೆಗೆ ಕಟ್ಟಬೇಡಿ.

ನಮೂನೆ ‘ಐ’ಯಲ್ಲಿ ಅರ್ಜಿಯನ್ನು ಆಗಸ್ಟ್‌ನಲ್ಲೇ ಕೊಟ್ಟಿದ್ದೇನೆ. ಹಣ ಕೊಡಲು 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿರುವ 30 ದಿನಗಳ ಗಡುವು ಮುಗಿದಿದೆ. ಹಾಗಾಗಿ ಮೇಲಿನ ಮೊತ್ತವನ್ನು ವಾರ್ಷಿಕ ಶೇ 10ರ ಸರಳ ಬಡ್ಡಿಯೊಂದಿಗೆ ಪಾವತಿಸಿ, 2016ರಿಂದಲೇ ಸೇವೆ ಎಣಿಸಿದ ಪ್ರಮಾಣಪತ್ರವನ್ನೂ ಕೊಡಬೇಕು. ನಿರಾಕರಿಸುವುದಾದರೆ ಮೂರನೆಯ ಷರತ್ತು ಏಕೆ ಅನ್ವಯಿಸುವುದಿಲ್ಲವೆಂದು ಸಹಿ ಮಾಡಿದ ಪತ್ರದಲ್ಲಿ ತಿಳಿಸಿ. ದೂರವಾಣಿಯ ಸಮಜಾಯಿಷಿ ಇನ್ನು ಬೇಡ. ಅಕ್ಟೋಬರ್ 21ರೊಳಗೆ ಉತ್ತರ ಬಾರದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ನಿಯಂತ್ರಣ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸುತ್ತೇನೆ.

ಇಂತಿ,
ನಿಮ್ಮ ಮಾಜಿ ಉದ್ಯೋಗಿ

ಲಗತ್ತು: ವರ್ಗಾವಣೆ ಪತ್ರ, ನೇಮಕಾತಿ ಪತ್ರ, ಏಪ್ರಿಲ್ 2021 ಮತ್ತು ಜುಲೈ 2025ರ ಸಂಬಳದ ಚೀಟಿಗಳು, ನಮೂನೆ ‘ಐ’ಯ ಸ್ವೀಕೃತಿ