ಅಕ್ಕ ಸಹಿ ಹಾಕಿದ್ದಳು, ಆದರೂ ಪಾಲು ಬಿಟ್ಟಂತಾಗಲಿಲ್ಲ: ಕಂದಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರೇ, ನಮಸ್ಕಾರ.

ನೋಂದಣಿ ಮತ್ತು ಮುದ್ರಾಂಕ ಇಲಾಖೆ, ನಾಡಕಚೇರಿ, ಪಹಣಿ ಎಲ್ಲವೂ ನಿಮ್ಮ ಕೈಕೆಳಗೇ ಬರುತ್ತವೆ. ಅದಕ್ಕೇ ಈ ಪತ್ರ ನಿಮಗೆ.

ಅಪ್ಪ ತೀರಿಕೊಂಡಿದ್ದು 2013ರಲ್ಲಿ. ಅವರು ಸ್ವಂತ ದುಡಿಮೆಯಿಂದ ಕೊಂಡ 3 ಎಕರೆ ಹೊಲ ಇತ್ತು, ಉಯಿಲು ಬರೆದಿರಲಿಲ್ಲ. ಹಾಗಾಗಿ ಅವ್ವ, ಅಕ್ಕ, ನಾನು, ಮೂವರಿಗೂ ಒಂದೊಂದು ಎಕರೆಯಷ್ಟು ಹಕ್ಕು ಬಂತು. ಪೌತಿ ಖಾತೆಯಾಗಿ ಪಹಣಿಯಲ್ಲಿ ಮೂವರ ಹೆಸರೂ ಜಂಟಿಯಾಗಿ ಕೂತಿತು. ಅಕ್ಕ ತನ್ನ ಪಾಲು ತಮ್ಮನಿಗೇ ಇರಲಿ ಅಂದಳು. ಯಾರೂ ಒತ್ತಾಯ ಮಾಡಿರಲಿಲ್ಲ. 2014ರಲ್ಲಿ ಸ್ಟ್ಯಾಂಪ್ ಪೇಪರ್ ಮೇಲೆ ಹಕ್ಕು ಬಿಡುಗಡೆ ಪತ್ರ ಟೈಪ್ ಮಾಡಿಸಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿದಳು. ನೋಟರಿ ಅವಳ ಗುರುತು ನೋಡಿ, ದುಂಡು ಮುದ್ರೆ ಒತ್ತಿ, ತಮ್ಮ ಪುಸ್ತಕದಲ್ಲಿ ಕ್ರಮಸಂಖ್ಯೆ ಬರೆದುಕೊಂಡರು. ನಾವು 'ನೋಟರಿ ರಿಜಿಸ್ಟರ್ ಆಯ್ತು' ಅಂತ ಊರಿಗೆ ವಾಪಸ್ ಬಂದೆವು.

ಈ 'ನೋಟರಿ ರಿಜಿಸ್ಟರ್' ಅನ್ನೋ ಮಾತೇ ನಮ್ಮನ್ನು ಮುಳುಗಿಸಿದ್ದು. ನೋಟರಿಯ ಪುಸ್ತಕವೂ ರಿಜಿಸ್ಟರೇ, ಸಬ್ ರಿಜಿಸ್ಟ್ರಾರ್ ಆಫೀಸಿನದ್ದೂ ರಿಜಿಸ್ಟರೇ. ಆದರೆ ಎರಡೂ ಹೇಳುವ ಸಂಗತಿ ಬೇರೆ. ಈ ದಿನ ಈ ವ್ಯಕ್ತಿ ನನ್ನ ಎದುರು ಸಹಿ ಹಾಕಿದರು, ಇಷ್ಟನ್ನೇ ನೋಟರಿ ಹೇಳೋದು. ಜಮೀನಿನ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಅಷ್ಟು ಸಾಲದು. 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ನೋಂದಣಿ ಆಗಲೇಬೇಕು. ಆಗದಿದ್ದರೆ ಆ ಪತ್ರದಿಂದ ಹಕ್ಕು ಕದಲುವುದಿಲ್ಲ ಅಂತ 49ನೇ ಕಲಂ ಹೇಳುತ್ತದೆ. ಅಕ್ಕ ಮನಸಾರೆ ಕೊಟ್ಟಿದ್ದಳು, ಸಹಿಯೂ ಅವಳದ್ದೇ, ಆದರೂ ಕಾನೂನಿನ ಲೆಕ್ಕದಲ್ಲಿ ಆ ಒಂದು ಎಕರೆ ಅವಳ ಹೆಸರಲ್ಲೇ ಉಳಿಯಿತು.

2021ರಲ್ಲಿ ಅಕ್ಕ ಹೋಗಿಬಿಟ್ಟಳು.

2024ರಲ್ಲಿ ಬೋರ್‌ವೆಲ್ ಕೊರೆಸಲು ಸಾಲ ಕೇಳಿದಾಗ ಬ್ಯಾಂಕಿನ ವಕೀಲರು ಆ ಪತ್ರ ಕೈಯಲ್ಲಿ ಹಿಡಿದು, ಇದು ಇಸಿಯಲ್ಲಿ ಇಲ್ವಲ್ಲ ಅಂದರು. ಇದ್ದಿದ್ದೇ ಅಷ್ಟು. ಇಸಿ ಅಂದರೆ ಋಣಭಾರ ಪತ್ರ, ಆ ಜಮೀನಿನ ಮೇಲೆ ಆದ ನೋಂದಣಿಗಳ ಪಟ್ಟಿ. ನೋಂದಣಿಯಾದ ಪತ್ರ ಅದರಲ್ಲಿ ಕಾಣುತ್ತದೆ. ಪತ್ರದ ಮೇಲೆ ಸಬ್ ರಿಜಿಸ್ಟ್ರಾರ್ ಮೊಹರು, ದಸ್ತಾವೇಜು ಸಂಖ್ಯೆ, ಬರೆದುಕೊಟ್ಟವರ ಫೋಟೋ, ಹೆಬ್ಬೆಟ್ಟು ಇರುತ್ತವೆ. ನಮ್ಮದರಲ್ಲಿ ನೋಟರಿಯ ದುಂಡು ಮುದ್ರೆ, ಅಂಟಿಸಿದ ಸ್ಟ್ಯಾಂಪು ಬಿಟ್ಟರೆ ಏನೂ ಇರಲಿಲ್ಲ. ಇಷ್ಟು ಸುಲಭವಾಗಿ ಗುರುತು ಹಿಡಿಯಬಹುದು ಅಂತ 10 ವರ್ಷ ನಮಗೆ ಯಾರೂ ಹೇಳಲಿಲ್ಲ.

ಹಾಗಾದರೆ ಅದೇ ಪತ್ರವನ್ನು ಈಗ ನೋಂದಣಿ ಮಾಡಿಸಿ ಅಂತ ಕೇಳಿದೆ. ಆಗಲ್ಲ. ಸಹಿ ಹಾಕಿದ 4 ತಿಂಗಳೊಳಗೆ ಹಾಜರುಪಡಿಸಬೇಕು. ತಪ್ಪಿಸಲಾಗದ ಕಾರಣವಿದ್ದರೆ ದಂಡ ಕಟ್ಟಿ ಇನ್ನೂ 4 ತಿಂಗಳು ಸಿಗುತ್ತದೆ, ಅಲ್ಲಿಗೆ ಮುಗೀತು. ಆಮೇಲೆ ಹೊಸದಾಗಿ ಬರೆಸಬೇಕು. ಬರೆದುಕೊಡಲು ಅಕ್ಕ ಇಲ್ಲ. ಅವಳ ಪಾಲು ಈಗ ಭಾವ, ಅಕ್ಕನ ಮಕ್ಕಳಾದ ಅಳಿಯ, ಸೊಸೆ, ಮೂವರಿಗೆ ಸಮವಾಗಿ ಹೋಗಿದೆ. ಭಾವ ಬಂಗಾರದಂಥ ಮನುಷ್ಯ, 'ಅವಳು ಕೊಟ್ಟಿದ್ದು ನಿನಗೇ ಸೇರಬೇಕು ಕಣೋ' ಅಂತ ಈಗಲೂ ಅನ್ನುತ್ತಾರೆ. ಅಳಿಯನಿಗೆ 18 ತುಂಬಿದೆ, ಅವನೂ ಸಿದ್ಧ. ಆದರೆ ಸೊಸೆಗೆ ಇನ್ನೂ 16. ಅವಳ ಪಾಲು 13 ಗುಂಟೆಗಿಂತ ಚೂರು ಜಾಸ್ತಿ. ಅಪ್ರಾಪ್ತರ ಸ್ಥಿರಾಸ್ತಿಯನ್ನು ಬೇರೆಯವರಿಗೆ ವಹಿಸಲು, 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ ಪ್ರಕಾರ, ತಂದೆಯೇ ಆದರೂ ಮೊದಲು ಕೋರ್ಟಿನ ಅನುಮತಿ ತರಬೇಕು. ಮಗುವಿಗೆ ಅದು ಅಗತ್ಯ ಅಥವಾ ಸ್ಪಷ್ಟ ಲಾಭ ಅಂತ ತೋರಿಸಬೇಕು. ಸುಮ್ನೆ ಬಿಟ್ಟುಕೊಡುವುದರಲ್ಲಿ ಆ ಹುಡುಗಿಗೆ ಏನು ಲಾಭ? ಕಾನೂನು ಅವಳನ್ನು ಕಾಪಾಡುತ್ತಿರುವುದು ಸರಿಯೇ, ಅದರ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ 18 ತುಂಬಲಿ, ಅವಳೇ ಯೋಚನೆ ಮಾಡಿ ಹೇಳಲಿ ಅಂತ ಕಾಯುತ್ತಿದ್ದೇವೆ. ಕೊಡಲ್ಲ ಅಂದರೆ ಅದು ಅವಳ ಹಕ್ಕು.

ಸಿಟ್ಟಿರುವುದು ಬೇರೆ ವಿಷಯಕ್ಕೆ. 2014ರಲ್ಲಿ ನಾವು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗದೇ ಇದ್ದಿದ್ದು ಯಾಕೆ ಗೊತ್ತಾ? ಮಾರಾಟದ ಹಾಗೆ ಜಮೀನಿನ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಕಟ್ಟಬೇಕು ಅಂತ ತಿಳಿದಿದ್ದೆವು. ಒಡಹುಟ್ಟಿದವರ ನಡುವಿನ ಹಕ್ಕು ಬಿಡುಗಡೆಗೆ ನಮ್ಮ ರಾಜ್ಯದಲ್ಲಿ ಹಾಗಿಲ್ಲ, ನಿಗದಿಯಾದ ಸಣ್ಣ ಮೊತ್ತ. ಇನ್ನೊಂದು ಕಾರಣ, ಅಪ್ಪನ ನಂತರ ವಂಶವೃಕ್ಷಕ್ಕೆ ಅರ್ಜಿ ಹಾಕಿದಾಗ ನಾಡಕಚೇರಿಯಲ್ಲಿ ಮೊದಲು ಕೇಳಿದ್ದೇ ನೋಟರಿ ಮಾಡಿಸಿದ ಅಫಿಡವಿಟ್. ಅದು ಸರಿಯಾಗಿ ನಡೆಯಿತು. ಅದೇ ದಾರಿಯಲ್ಲಿ ಮುಂದಿನ ಪತ್ರವೂ ನಡೆಯುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ?

ನೋಟರಿ ಬೇಡ ಅಂತ ನಾನು ಹೇಳುತ್ತಿಲ್ಲ. ವಂಶವೃಕ್ಷದ ಅಫಿಡವಿಟ್, ಹೆಸರು ವ್ಯತ್ಯಾಸದ ಅಫಿಡವಿಟ್, ಕಳೆದುಹೋದ ಅಂಕಪಟ್ಟಿಯ ಅಫಿಡವಿಟ್, ಇವಕ್ಕೆಲ್ಲ ನೋಟರಿಯೇ ಸಾಕು. ದುಬೈನಲ್ಲೋ ಅಮೆರಿಕದಲ್ಲೋ ಇರುವ ಅಣ್ಣ ಊರಿನಲ್ಲಿ ತನ್ನ ಪರವಾಗಿ ಪತ್ರ ಹಾಜರುಪಡಿಸಲು ತಮ್ಮನಿಗೆ ಅಧಿಕಾರಪತ್ರ ಕೊಡುವುದಾದರೆ ಅಲ್ಲಿನ ನೋಟರಿ ಅಥವಾ ಭಾರತದ ಕಾನ್ಸುಲ್ ಎದುರು ಮಾಡಿಸಬಹುದು. ಅದನ್ನು ಕಾಯ್ದೆಯೇ ಒಪ್ಪುತ್ತದೆ. ಉಯಿಲಿಗೆ ನೋಟರಿಯೂ ಬೇಕಿಲ್ಲ, ನೋಂದಣಿಯೂ ಕಡ್ಡಾಯ ಅಲ್ಲ, ಸ್ಟ್ಯಾಂಪ್ ಪೇಪರೂ ಬೇಡ. ಬರೆಸಿದವರ ಸಹಿ, ಸರಿಯಾಗಿ ಸಹಿ ಹಾಕಿದ ಇಬ್ಬರು ಸಾಕ್ಷಿಗಳು ಇರಬೇಕು, ಅಷ್ಟೇ. ಅವ್ವ ಇತ್ತೀಚೆಗೆ ಹಾಗೇ ಬರೆಸಿದ್ದಾಳೆ, ಮುಂದೆ ತಕರಾರು ಕಡಿಮೆಯಾಗಲಿ ಅಂತ ನೋಂದಣಿಯನ್ನೂ ಮಾಡಿಸಿದ್ದಾಳೆ. ಆದರೆ ಬದುಕಿರುವಾಗಲೇ ಮನೆ, ಸೈಟು, ಹೊಲದ ಹಕ್ಕು ಬರವಣಿಗೆಯ ಮೂಲಕ ಕೈ ಬದಲಾಗುವುದಾದರೆ, ದಾನಪತ್ರ ಇರಲಿ, ವಿಭಾಗ ಪತ್ರ ಇರಲಿ, ಹಕ್ಕು ಬಿಡುಗಡೆ ಇರಲಿ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಲೇಬೇಕು.

ನಿಮ್ಮಿಂದ ಎರಡು ಕೆಲಸ ಆಗಬೇಕು. ಇ-ಸ್ಟ್ಯಾಂಪ್ ತೆಗೆದುಕೊಳ್ಳುವಾಗ ಯಾವ ಬಗೆಯ ಪತ್ರಕ್ಕೆ ಅಂತ ಕೇಳುತ್ತಾರೆ, ಅದು ಕಾಗದದ ಮೇಲೇ ಅಚ್ಚಾಗಿ ಬರುತ್ತದೆ. ಹಕ್ಕು ಬಿಡುಗಡೆ, ವಿಭಾಗ, ದಾನ ಅಂತ ಬಂದ ಕಡೆ ಕೆಳಗೆ ಒಂದು ಸಾಲು ಕನ್ನಡದಲ್ಲಿ ಸೇರಿಸಿ: 'ಸ್ಥಿರಾಸ್ತಿಗೆ ಸಂಬಂಧಿಸಿದ್ದಾದರೆ ಸಹಿ ಮಾಡಿದ 4 ತಿಂಗಳೊಳಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ನೋಟರಿ ಮಾಡಿಸಿದರೆ ಸಾಲದು.' ಎರಡನೆಯದು, ವಂಶವೃಕ್ಷದ ಪ್ರಮಾಣಪತ್ರ ಕೊಡುವಾಗ ಅದರ ಜೊತೆ ಇದೇ ಮಾತನ್ನೂ, ಕುಟುಂಬದವರಿಗೆ ಶುಲ್ಕ ಎಷ್ಟು ಅನ್ನುವುದನ್ನೂ ಬರೆದ ಒಂದು ಚೀಟಿ ಕೊಡಿಸಿ. ಪಾಲು ಬಿಡುವ, ಹಂಚಿಕೊಳ್ಳುವ ಮಾತು ಮನೆಯಲ್ಲಿ ಶುರುವಾಗುವುದೇ ಆ ಕಾಗದ ಕೈಗೆ ಬಂದ ದಿನ.

ಅಕ್ಕ ಸಹಿ ಹಾಕಿದ ಆ ಪತ್ರ ಈಗಲೂ ನನ್ನ ಹತ್ತಿರ ಇದೆ. ನೀವು ನೋಡಬೇಕೆಂದರೆ ತಂದು ತೋರಿಸುತ್ತೇನೆ.

ಇಂತಿ,
ಪಹಣಿಯಲ್ಲಿ ಇನ್ನೂ ಅಕ್ಕನ ಹೆಸರಿರುವ ಒಬ್ಬ ರೈತ