ಸಾಲ ತೀರಿದೆ, ಆರ್‌ಸಿಗೆ ಮಾತ್ರ ಗೊತ್ತಿಲ್ಲ: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರೇ,

ನಮಸ್ಕಾರ. ನಾನು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡವನು. 2018ರಲ್ಲಿ ಸಾಲ ಮಾಡಿ ಕಾರು ತಗೊಂಡೆ. 84 ಕಂತು. ಒಂದೂ ತಪ್ಪಿಸದೆ ಕಟ್ಟಿ, 2025ರ ಜನವರಿಯಲ್ಲಿ ಮುಗಿಸಿದೆ. ಏಳು ವರ್ಷ ಕಂತು ಕಟ್ಟುವುದಕ್ಕೆ ಪಡದಷ್ಟು ಪಾಡನ್ನು, ಆರ್‌ಸಿಯಲ್ಲಿದ್ದ ಒಂದು ಸಾಲು ಅಳಿಸುವುದಕ್ಕೆ ಐದು ತಿಂಗಳು ಪಟ್ಟಿದ್ದೇನೆ. ಅದಕ್ಕೇ ಈ ಪತ್ರ.

ಆ ಸಾಲು ಯಾವುದು ಅಂತ ನಿಮಗೆ ಗೊತ್ತೇ ಇದೆ. ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಸಾಲದ ಗಾಡಿಯ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇರುತ್ತದೆ. ನಮ್ಮ ಕಡೆ 'ಎಚ್‌ಪಿ' ಅನ್ನುತ್ತಾರೆ. ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಅದು ತಾನಾಗಿ ಹೋಗುವುದಿಲ್ಲ. ಸಾಲ ತೀರಿದೆ, ನಮ್ಮ ಅಭ್ಯಂತರವಿಲ್ಲ ಅನ್ನುವ ಎನ್‌ಒಸಿ ಪತ್ರವನ್ನು ಬ್ಯಾಂಕಿನಿಂದ ತರಬೇಕು. ಫಾರ್ಮ್ 35ರಲ್ಲಿ ನಾನೂ ಸಹಿ ಹಾಕಬೇಕು, ಬ್ಯಾಂಕಿನವರೂ ಸೀಲ್ ಒತ್ತಿ ಸಹಿ ಹಾಕಬೇಕು. ಅದನ್ನು ಆರ್‌ಸಿ ಜೊತೆ ಆರ್‌ಟಿಒಗೆ ಕೊಡಬೇಕು. ಇಷ್ಟು ಮಾಡದಿದ್ದರೆ ಗಾಡಿ ಮಾರುವಾಗ ಹೆಸರು ಬದಲಾಯಿಸಲು ಬರುವುದಿಲ್ಲ, ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಬೇಕು ಅಂತ ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ನೇ ಹೇಳುತ್ತದೆ. ವಿಮೆ ಪಾಲಿಸಿಯಲ್ಲೂ ಬ್ಯಾಂಕಿನ ಹೆಸರು ಉಳಿದಿರುತ್ತದೆ, ಅದನ್ನು ಬೇರೆಯಾಗಿ ತೆಗೆಸಬೇಕು. ಇಲ್ಲದಿದ್ದರೆ ಗಾಡಿ ಕಳ್ಳತನವಾದರೂ ಪೂರ್ತಿ ಜಖಂ ಆದರೂ ಪರಿಹಾರದ ಹಣಕ್ಕೆ ಮೊದಲು ಬ್ಯಾಂಕಿನ ಹೆಸರೇ ಅಡ್ಡ ಬರುತ್ತದೆ.

ಈಗ ನನ್ನ ಕಥೆ. ಫೆಬ್ರವರಿ 3ಕ್ಕೆ ಎನ್‌ಒಸಿ ಬಂತು. ಕೆಳಗೆ ಸಣ್ಣಕ್ಷರದಲ್ಲಿ '90 ದಿನ ಮಾತ್ರ ಚಾಲ್ತಿ' ಅಂತ ಅಚ್ಚಾಗಿತ್ತು. ನಾನು ಅದನ್ನು ಗಮನಿಸಲೇ ಇಲ್ಲ. ಕಾರು ಕೊಳ್ಳಲು ಒಬ್ಬರು ಮುಂದೆ ಬಂದಿದ್ದರು. ಮೂರು ಲಕ್ಷ ನಲವತ್ತು ಸಾವಿರಕ್ಕೆ ಮಾತಾಗಿತ್ತು. ವಾರದಲ್ಲಿ ಆಗುವ ಕೆಲಸ ಅಂದುಕೊಂಡೆ.

ಮಗಳು ಪರಿವಾಹನ್ ವೆಬ್‌ಸೈಟ್ ತೆರೆದಳು. ಗಾಡಿ ನಂಬರು, ಚಾಸಿ ನಂಬರಿನ ಕೊನೆಯ ಐದು ಅಂಕಿ ಹಾಕಿದಳು. ಒಟಿಪಿ ಬರಲೇ ಇಲ್ಲ. ನೋಡಿದರೆ 2018ರಲ್ಲಿ ಶೋರೂಮಿನ ಹುಡುಗ ತನ್ನ ಮೊಬೈಲ್ ನಂಬರನ್ನೇ ಹಾಕಿಬಿಟ್ಟಿದ್ದ. ಅವನು ಈಗ ಎಲ್ಲಿದ್ದಾನೋ! ನಂಬರ್ ಬದಲಾಯಿಸುವುದರಲ್ಲೇ ಫೆಬ್ರವರಿ ಮುಗಿಯಿತು.

ಮಾರ್ಚ್‌ನಲ್ಲಿ ಅಂಗಡಿಗೆ ಬೀಗ ಹಾಕಿ, ಎರಡು ಬಸ್ಸು ಬದಲಿಸಿ ಆರ್‌ಟಿಒಗೆ ಹೋದೆ. ಕೌಂಟರಿನವರು ಆರ್‌ಸಿ ಒಂದು ಕೈಯಲ್ಲಿ, ಫಾರ್ಮ್ 35 ಇನ್ನೊಂದು ಕೈಯಲ್ಲಿ ಹಿಡಿದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಇಲ್ಲಿ ಒಂದು ಬ್ಯಾಂಕು, ಸೀಲಲ್ಲಿ ಇನ್ನೊಂದು ಬ್ಯಾಂಕು. ಆಗಲ್ಲ ಸಾರ್."

ಅಲ್ಲೇ ಎಲ್ಲ ಸಿಕ್ಕಿಹಾಕಿಕೊಂಡಿದ್ದು. ನನಗೆ ಸಾಲ ಕೊಟ್ಟ ಬ್ಯಾಂಕು ನಡುವೆ ಇನ್ನೊಂದರಲ್ಲಿ ಸೇರಿಹೋಗಿದೆ. ನಮ್ಮ ರಾಜ್ಯದಲ್ಲಿ ಇದೇನು ಅಪರೂಪವೇ? ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ ಹೋಯಿತು. 2020ರಲ್ಲಿ ಸಿಂಡಿಕೇಟ್ ಕೆನರಾಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ನಾಲ್ಕೂ ಏಪ್ರಿಲ್ 1ರಂದೇ. ಊರೂರಲ್ಲಿ ಶಾಖೆ ಇದ್ದ ನಮ್ಮದೇ ಬ್ಯಾಂಕುಗಳು ಇವು. ಬೋರ್ಡು ಬದಲಾಯಿತು, ಪಾಸ್‌ಬುಕ್ ಬದಲಾಯಿತು, ನನ್ನ ಕಂತು ಹೊಸ ಬ್ಯಾಂಕಿಗೆ ಹೋಯಿತು. ಆರ್‌ಸಿಯಲ್ಲಿ ಮಾತ್ರ ಹಳೇ ಹೆಸರು ಹಾಗೇ ಕೂತಿತ್ತು. (ನನ್ನದು ಯಾವ ಬ್ಯಾಂಕು, ಯಾವ ಆರ್‌ಟಿಒ ಅಂತ ಇಲ್ಲಿ ಹೇಳುವುದಿಲ್ಲ. ಯಾರನ್ನೋ ಬೈಯುವುದು ಈ ಪತ್ರದ ಉದ್ದೇಶವಲ್ಲ. ಕೌಂಟರಿನಲ್ಲಿ ಕೂತವರು ಕಂಪ್ಯೂಟರಿನಲ್ಲಿ ಕಂಡಿದ್ದನ್ನು ಹೇಳಿದರು, ಅಷ್ಟೇ.)

ಬ್ಯಾಂಕು ವಿಲೀನವಾದದ್ದಕ್ಕೆ ಪತ್ರ ತನ್ನಿ ಅಂದರು. ಶಾಖೆಯ ಮ್ಯಾನೇಜರು ನಕ್ಕರು. "ಇಡೀ ದೇಶಕ್ಕೆ ಗೊತ್ತಲ್ಲ ಸಾರ್, ಇದಕ್ಕೂ ಪತ್ರವಾ?" ಅಂದರು. ಆದರೆ ಪತ್ರ ಬರೆಯುವ ಅಧಿಕಾರ ಅವರಿಗಿಲ್ಲವಂತೆ, ಮೇಲಿನ ಕಚೇರಿಯಿಂದ ಬರಬೇಕಂತೆ. ಬರುವಾಗ ಏಪ್ರಿಲ್ ಕಳೆಯಿತು. ಅಷ್ಟರಲ್ಲಿ ಕೊಳ್ಳುವವರು "ಬೇಜಾರು ಮಾಡ್ಕೋಬೇಡಿ" ಅಂತ ಫೋನ್ ಮಾಡಿ, ಬೇರೆ ಕಾರು ತಗೊಂಡಾಗಿತ್ತು.

ಮೇ 6ಕ್ಕೆ ಮತ್ತೆ ಹೋದೆ. ಪತ್ರ ಸರಿ ಇದೆ ಅಂದರು. ಆಮೇಲೆ ಎನ್‌ಒಸಿ ತಿರುಗಿಸಿ ನೋಡಿದರು. 90 ದಿನ ಮೇ 4ಕ್ಕೇ ಮುಗಿದಿತ್ತು. ಎರಡು ದಿನ ತಡ. ಹೊಸ ಎನ್‌ಒಸಿ, ಹೊಸ ಫಾರ್ಮ್ 35, ಮತ್ತೆ ಅದೇ ಎರಡು ಬಸ್ಸು. ಜೂನ್‌ನಲ್ಲಿ ಕೆಲಸ ಆಯಿತು. ಕಾರು ಕೊನೆಗೆ ಇಪ್ಪತ್ತೈದು ಸಾವಿರ ಕಮ್ಮಿಗೆ ಹೋಯಿತು. ಆವರಣದ ಮರದ ಕೆಳಗೆ ನಿಂತಿದ್ದ ಏಜೆಂಟು ಮೊದಲ ದಿನವೇ "ಮೂರು ಸಾವಿರ ಕೊಡಿ, ಮನೇಲಿರಿ" ಅಂದಿದ್ದ. ಕೊಟ್ಟಿದ್ದರೆ ಲಾಭವೇ ಆಗುತ್ತಿತ್ತು ಅನ್ನುವುದು ನನಗೂ ನಿಮಗೂ ನಾಚಿಕೆಯ ಲೆಕ್ಕ.

ಸರ್, ಮೊದಲು ಈ 90 ದಿನದ ವಿಷಯ ನೋಡಿ. ತೀರಿದ ಸಾಲ 91ನೇ ದಿನಕ್ಕೆ ಮತ್ತೆ ಹುಟ್ಟುತ್ತದೆಯೇ? ನಕಲಿ ಎನ್‌ಒಸಿ ಮಾಡಿ ಸಾಲದ ಗಾಡಿ ಮಾರುವವರು ಇದ್ದಾರೆ, ಎಚ್ಚರಿಕೆ ಬೇಕು, ಒಪ್ಪುತ್ತೇನೆ. ಆದರೆ ನಕಲಿ ಕಾಗದವನ್ನು 90 ದಿನದ ಒಳಗೇ ಕೊಡಬಹುದಲ್ವಾ? ದಿನಾಂಕ ನೋಡಿದರೆ ಕಳ್ಳ ಸಿಗುವುದಿಲ್ಲ. ಅವಧಿ ಮೀರಿದರೆ ಅರ್ಜಿ ವಾಪಸ್ ಕಳಿಸುವ ಬದಲು, ಆರ್‌ಟಿಒದವರೇ ಬ್ಯಾಂಕಿಗೆ ಒಂದು ಇಮೇಲ್ ಹಾಕಿ ಕೇಳುವಂತೆ ನಿಮ್ಮ ಇಲಾಖೆ ಒಂದು ಸುತ್ತೋಲೆ ಹೊರಡಿಸಬಹುದು.

ಇದಕ್ಕಿಂತ ಒಳ್ಳೆಯ ದಾರಿ ಈಗಾಗಲೇ ಇದೆ. ಕೆಲವು ಬ್ಯಾಂಕುಗಳು ಸಾಲ ತೀರಿದ ಕೂಡಲೇ ಎನ್‌ಒಸಿಯನ್ನು ನೇರವಾಗಿ ಗಾಡಿ ನೋಂದಣಿಯ 'ವಾಹನ್' ಕಂಪ್ಯೂಟರ್ ವ್ಯವಸ್ಥೆಗೇ ಕಳಿಸುತ್ತವೆ. ಅಲ್ಲಿ ಸೀಲಿನ ಪ್ರಶ್ನೆಯೂ ಇಲ್ಲ, ನಕಲಿಯ ಭಯವೂ ಇಲ್ಲ. ಆಧಾರ್ ದೃಢೀಕರಣದಿಂದ ಮನೆಯಲ್ಲೇ ಮಾಡಿಸಿಕೊಳ್ಳಬಹುದಾದ 18 ಸೇವೆಗಳ ಪಟ್ಟಿಯಲ್ಲಿ ಕೇಂದ್ರ ಸರ್ಕಾರ 2021ರಲ್ಲೇ ಎಚ್‌ಪಿ ತೆಗೆಸುವುದನ್ನೂ ಸೇರಿಸಿದೆ. ಬ್ಯಾಂಕಿನ ಕಡೆಯ ಕೊಂಡಿ ಇಲ್ಲದಿದ್ದರೆ ಮಾತ್ರ ನಮ್ಮಂಥವರು ಕಾಗದ ಹಿಡಿದು ಅಲೆಯಬೇಕು. ರಾಜ್ಯ ಮಟ್ಟದ ಬ್ಯಾಂಕರುಗಳ ಸಭೆಯಲ್ಲಿ ನಿಮ್ಮ ಇಲಾಖೆಯವರು ಯಾವ ಬ್ಯಾಂಕು ಜೋಡಣೆ ಮಾಡಿಕೊಂಡಿಲ್ಲ ಅಂತ ಹೆಸರು ಹಿಡಿದು ಕೇಳಲಿ. ಸಾಲ ತೀರಿದ 30 ದಿನದೊಳಗೆ ದಾಖಲೆ ವಾಪಸ್ ಕೊಡಬೇಕು, ನೋಂದಾಯಿಸಿದ ಹಕ್ಕನ್ನೂ ತೆಗೆಸಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲೇ ಹೇಳಿದೆ. ಆರ್‌ಸಿ ವಿಷಯದಲ್ಲಿ ಮಾತ್ರ ಬ್ಯಾಂಕಿನವರು ಎನ್‌ಒಸಿ ಕೈಗಿಟ್ಟು "ಇನ್ನು ನಿಮ್ಮ ಕೆಲಸ" ಅನ್ನುತ್ತಾರೆ.

ವಿಲೀನದ ತೊಡಕು ಇನ್ನೂ ಸುಲಭ. ಯಾವ ಹಳೇ ಬ್ಯಾಂಕು ಯಾವ ಹೊಸ ಬ್ಯಾಂಕಿಗೆ ಸೇರಿತು ಅನ್ನುವ ಪಟ್ಟಿಯನ್ನು ಒಮ್ಮೆ ಎಲ್ಲ ಆರ್‌ಟಿಒಗಳಿಗೆ ಕಳಿಸಿ, ಹೊಸ ಬ್ಯಾಂಕಿನ ಸೀಲನ್ನು ಒಪ್ಪಿ ಅಂತ ಬರೆದರೆ ಸಾಕು. ಒಂದು ಪುಟದ ಕೆಲಸ. ಏಳು ವರ್ಷದ ಕಂತಿನ ಹಳೇ ಸಾಲಗಳು ಈಗೀಗ ತೀರುತ್ತಿವೆ. ನನ್ನ ಹಾಗೆ ಕೌಂಟರಿನಿಂದ ವಾಪಸ್ ಬರುವವರು ಇನ್ನೂ ಇದ್ದಾರೆ.

ನಮ್ಮ ಬೀದಿಯ ಕೊನೆಯ ಮನೆಯವರದು ಒಂದು ಸಣ್ಣ ಗೂಡ್ಸ್ ಗಾಡಿ. ಅವರ ಆರ್‌ಸಿಯಲ್ಲೂ ಈಗ ಬೋರ್ಡೇ ಇಲ್ಲದ ಬ್ಯಾಂಕಿನ ಹೆಸರು. ಎನ್‌ಒಸಿ ಹೋದ ವಾರ ಬಂದಿದೆ. ಅದರ ಕೊನೆಯ ದಿನಾಂಕವನ್ನು ನಾನೇ ಅವರ ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಬಂದಿದ್ದೇನೆ. ಅಷ್ಟರೊಳಗೆ ನಿಮ್ಮ ಸುತ್ತೋಲೆ ಬರುತ್ತದೆಯೇ, ತಿಳಿಸಿ.

ಇಂತಿ,
ಸಾಲ ತೀರಿಸಿದ ಒಬ್ಬ ಅಂಗಡಿಯವ