ಇಂಡಕ್ಷನ್ ವರ್ಕ್‌ಶೀಟ್: ಶನಿವಾರದೊಳಗೆ ಮತ್ತೆ ನೋಡಿ ಕಳಿಸಿ

ಎಲ್ಲರಿಗೂ ನಮಸ್ಕಾರ. ಜಯನಗರದ ಭಾನುವಾರದ ಗಣಿತ ಕ್ಲಾಸಿಗೆ ಬರುವವರೆಲ್ಲ ಗಣಿತೀಯ ಅನುಗಮನದ ವರ್ಕ್‌ಶೀಟನ್ನು ಶನಿವಾರ ರಾತ್ರಿ 9ರೊಳಗೆ ಮತ್ತೊಮ್ಮೆ ಕಳಿಸಿ.

ಮುಖ್ಯವಾಗಿ 4ನೇ ಲೆಕ್ಕ ನೋಡಿ. ಅಲ್ಲಿರುವ ಹೇಳಿಕೆ ಇದು:

1 + 3 + 5 + … + (2n − 1) = n² + 1

ತುಂಬಾ ಜನ ಇದನ್ನು ‘ಸಾಧಿಸಿ’ ಕಳಿಸಿದ್ದೀರಿ. n = kಗೆ ಇದು ನಿಜ ಎಂದುಕೊಂಡು ಮುಂದಿನ ಬೆಸಸಂಖ್ಯೆ 2k + 1 ಕೂಡಿಸಿದರೆ:

k² + 1 + 2k + 1 = (k + 1)² + 1

ಈ ಹೆಜ್ಜೆಯಲ್ಲಿ ತಪ್ಪೇ ಇಲ್ಲ. ಊಹೆಯನ್ನೂ ಸರಿಯಾಗಿ ಬಳಸಿದ್ದೀರಿ. ಆದರೆ n = 1 ಹಾಕಿ ನೋಡಿ. ಎಡಗಡೆ 1, ಬಲಗಡೆ 2. ಮೊದಲ ಹೆಜ್ಜೆಯೇ ನಿಲ್ಲಲ್ಲ, ಅಲ್ವಾ? ಮೊತ್ತ ನಿಜವಾಗಿ n². ಹಾಗಾಗಿ ಈ ಹೇಳಿಕೆ ಯಾವ nಗೂ ನಿಜವಲ್ಲ. ‘n = 1ಕ್ಕೆ ಸರಿ’ ಎಂದು ಸುಮ್ನೆ ಬರೆಯಬೇಡಿ, ಎರಡೂ ಕಡೆಯ ಬೆಲೆ ಬೇರೆಬೇರೆಯಾಗಿ ಬರೆಯಿರಿ.

ಉಳಿದ ಲೆಕ್ಕಗಳಲ್ಲಿ ಊಹೆ ಬಳಸಿದ ಸಾಲಿಗೆ ಕೆಂಪು ಗೆರೆ ಎಳೆಯಿರಿ. ಮೊದಲ k ಪದಗಳ ಮೊತ್ತದ ಜಾಗಕ್ಕೆ ಸೂತ್ರ ಬರುವ ಸಾಲು ಅದು. ಗೆರೆ ಎಳೆಯಲು ಸಾಲೇ ಸಿಗದಿದ್ದರೆ, k + 1ರ ಸೂತ್ರವನ್ನೇ ನೇರವಾಗಿ ಬರೆದುಬಿಟ್ಟಿರಾ ನೋಡಿ. ಸಾಧಿಸಬೇಕಾದದ್ದೇ ಅದು.

ನೋಡಿದವರು ಇಲ್ಲಿ ‘ಸರಿ’ ಎಂದು ಉತ್ತರಿಸಿ. ಗೆರೆ ಎಲ್ಲಿ ಎಂದು ಗೊತ್ತಾಗದಿದ್ದರೆ ಆ ಪುಟದ ಫೋಟೋ ಹಾಕಿ.